ರೆಫರ್ ಮಾಡುವಾಗ ಎರಡು ಸಾಲಿನಲ್ಲಿ ಕೇಸ್ ಹೇಳೋದು ಹೇಗೆ? ಫೋನ್ ಮತ್ತೆ ಮತ್ತೆ ಕಟ್ ಆಗ್ತಿದೆ

ತಾಲ್ಲೂಕು_ಡ್ಯೂಟಿ
ತಲೆ ಕೆಟ್ಟುಹೋಗಿದೆ, ಅದಕ್ಕೇ ಬರೀತಿದ್ದೇನೆ. ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಡಾಕ್ಟರ್. ಕಳೆದ ವಾರ ಒಬ್ಬರು ಅಮ್ಮನನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕಿತ್ತು. ಫೋನ್ ಮಾಡಿ ಹಿಸ್ಟರಿ ಶುರು ಮಾಡಿದೆ, ಒಂದು ನಿಮಿಷವೂ ಆಗಿರಲಿಲ್ಲ, ಆ ಕಡೆಯವರು "ಡಾಕ್ಟ್ರೆ, ನಿಮಗೆ ಏನು ಬೇಕು ಅದನ್ನ ಹೇಳಿ, ಎರಡು ಸಾಲಲ್ಲಿ ಮೆಸೇಜ್ ಹಾಕಿ" ಅಂತ ಇಟ್ಟೇಬಿಟ್ಟರು.

ನಾನು ಹೇಳಿದ್ದು ಇಷ್ಟು: "61 ವರ್ಷದ ಮಹಿಳೆ, 14 ವರ್ಷದಿಂದ ಸಕ್ಕರೆ ಕಾಯಿಲೆ, 9 ವರ್ಷದಿಂದ ಬಿಪಿ, 2003ರಲ್ಲಿ ಟಿಬಿ ಆಗಿ ಆರು ತಿಂಗಳು ಮಾತ್ರೆ ತಗೊಂಡಿದ್ದಾರೆ, ಗರ್ಭಕೋಶ ತೆಗೆದಿದ್ದಾರೆ, ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, 7 ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ, ಮೂರು ದಿನದಿಂದ ವಾಂತಿ, ಸುಸ್ತು, ಮೂತ್ರ ಕಡಿಮೆ..." ಅಷ್ಟರಲ್ಲಿ ಕಟ್. ಇಷ್ಟೆಲ್ಲಾ ಎರಡು ಸಾಲಿಗೆ ಹೇಗೆ ಇಳಿಸೋದು? ಏನು ಬಿಡ್ಲಿ?

ಎಸ್‌ಬಿಎಆರ್_ಭಕ್ತ
ಫಾರ್ಮ್ಯಾಟ್ ಇಲ್ಲದೆ ಫೋನ್ ಮಾಡಿದ್ದೇ ತಪ್ಪು. ಎಸ್‌ಬಿಎಆರ್ ಹಿಡೀರಿ. ಈಗಿನ ಪರಿಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ನಿಮ್ಮ ಬೇಡಿಕೆ. ನಾಲ್ಕೇ ಭಾಗ. ನಾನು ಇದನ್ನು ಪ್ರಿಂಟ್ ಹಾಕಿಸಿ ಲ್ಯಾಮಿನೇಟ್ ಮಾಡಿ ಫೋನ್ ಪಕ್ಕದಲ್ಲೇ ಅಂಟಿಸಿದ್ದೇನೆ.

ತಾಲ್ಲೂಕು_ಡ್ಯೂಟಿ
ಸರ್, ಅದು ಗೊತ್ತು. ಆದ್ರೆ ಈ ಅಮ್ಮನ ಹಿನ್ನೆಲೆಯೇ ಎರಡು ಪುಟ ಇದೆ. ಫಾರ್ಮ್ಯಾಟ್‌ಗೆ ಹಾಕಿದರೂ ಎರಡು ಪುಟವೇ.

ಎಸ್‌ಬಿಎಆರ್_ಭಕ್ತ
ಹಿನ್ನೆಲೆಗೆ ಒಂದೇ ವಾಕ್ಯ ಅಂತ ಮಿತಿ ಹಾಕಿಕೊಳ್ಳಿ. ಹಳೇದನ್ನೆಲ್ಲಾ ಬಿಡಿ. ಕಿಡ್ನಿ ತೊಂದರೆ ಅಂದ್ರೆ ಕಿಡ್ನಿ ಮಾತ್ರ ಹೇಳಿ. ಟಿಬಿ ಬಿಡಿ, ಕಣ್ಣು ಬಿಡಿ, ಸ್ಟೆಂಟ್ ಬಿಡಿ. ಅವರು ನೆಫ್ರಾಲಜಿಯವರು, ಸ್ಟೆಂಟ್ ಕಟ್ಟಿಕೊಂಡು ಏನು ಮಾಡ್ತಾರೆ?

ಅಮ್ಮನ_ಫೈಲು
ನಾನು ಡಾಕ್ಟರ್ ಅಲ್ಲ, ಮಗ. ನಮ್ಮಮ್ಮನ ಹಿಸ್ಟರಿಯೂ ಹೀಗೇ ಉದ್ದ. ಪ್ರತಿ ಸಲ ಹೊಸ ಡಾಕ್ಟರ ಹತ್ರ ಹೋದಾಗ ಮೊದಲಿಂದ ಹೇಳಿ ಹೇಳಿ ಸಾಕಾಗಿತ್ತು. ಈಗ ಎಕ್ಸೆಲ್ ಶೀಟ್ ಮಾಡಿದ್ದೇನೆ, 2011ರಿಂದ ಎಲ್ಲಾ ಶುಗರ್ ರೀಡಿಂಗ್ ಇದೆ, ಗ್ರಾಫ್ ಬರುತ್ತೆ, ಊಟಕ್ಕೆ ಮುಂಚೆ ಹಸಿರು, ಆಮೇಲೆ ಕೇಸರಿ. ಎ3 ಹಾಳೆಯಲ್ಲಿ ಪ್ರಿಂಟ್ ತೆಗೆದರೆ ಚೆನ್ನಾಗಿ ಕಾಣುತ್ತೆ. ಬೇಕಾದವರಿಗೆ ಕಳಿಸ್ತೀನಿ.

ಪಿಜಿ_ಎರಡನೇ_ವರ್ಷ
ಆ ಕಡೆ ಫೋನ್ ಎತ್ತುವವಳು ನಾನೇ. ನಿಮ್ಮದೇ ಫೋನ್ ಅಂತ ಅಲ್ಲ, ಇಂಥದ್ದು ರಾತ್ರಿಗೆ ಹತ್ತಾರು ಬರುತ್ತೆ. ಸರ್, ನೀವು ಇಲ್ಲೂ ಅದನ್ನೇ ಮಾಡಿದ್ದೀರಿ. ಪೋಸ್ಟ್ ಎರಡು ಸಲ ಓದಿದೆ. ಯಾಕೆ ಕಳಿಸಬೇಕಿತ್ತು ಅಂತ ಎಲ್ಲೂ ಇಲ್ಲ. ಕ್ರಿಯಾಟಿನಿನ್ ಎಷ್ಟು? ಪೊಟ್ಯಾಸಿಯಂ ಎಷ್ಟು?

ತಾಲ್ಲೂಕು_ಡ್ಯೂಟಿ
ಅಯ್ಯೋ, ರಿಪೋರ್ಟ್ ಫೋಟೋ ಅವರಿಗೆ ಆಗಲೇ ಕಳಿಸಿದ್ದೆ, ಅದಕ್ಕೇ ಬಾಯಲ್ಲಿ ಹೇಳಲಿಲ್ಲ. ಕ್ರಿಯಾಟಿನಿನ್ 5.2, ಪೊಟ್ಯಾಸಿಯಂ 6.9. ಇಸಿಜಿಯಲ್ಲಿ ಟಿ ಅಲೆ ಎತ್ತರಕ್ಕೆ ಚೂಪಾಗಿ ನಿಂತಿತ್ತು, ಕ್ಯೂಆರ್‌ಎಸ್ ಕೂಡ ಅಗಲ ಆಗಿತ್ತು.

ಪಿಜಿ_ಎರಡನೇ_ವರ್ಷ
6.9! ಅದನ್ನ ಬಿಟ್ಟು ಕಣ್ಣಿನ ಪೊರೆ ಹೇಳಿದ್ರಾ? ನಮ್ಮ ಕಡೆ ಮೊಬೈಲ್‌ನಲ್ಲಿ ಒಂದೇ ಸಲ ಹದಿನೈದು ಫೋಟೋ ಬಿದ್ದಿರುತ್ತೆ, ಅರ್ಧ ತಲೆಕೆಳಗು, ಯಾರದ್ದು ಯಾವುದು ಅಂತಲೂ ಗೊತ್ತಾಗಲ್ಲ. ಸ್ಯಾಂಪಲ್ ಹಿಮೊಲೈಸ್ ಆಗಿರಲಿಲ್ಲ ತಾನೇ?

ತಾಲ್ಲೂಕು_ಡ್ಯೂಟಿ
ಇಸಿಜಿ ಹಾಗೆ ಇದ್ದದ್ದರಿಂದ ಮತ್ತೆ ಸ್ಯಾಂಪಲ್ ಕಳಿಸಿ ಕಾಯಲಿಲ್ಲ. ಟ್ರೀಟ್‌ಮೆಂಟ್ ಶುರು ಮಾಡಿಬಿಟ್ಟೆ.

ಎಸ್‌ಬಿಎಆರ್_ಭಕ್ತ
ನೋಡಿ, ಇದನ್ನೇ ನಾನು ಹೇಳಿದ್ದು. ಈಗಿನ ಪರಿಸ್ಥಿತಿ ಮೊದಲು. ಎಸ್‌ಬಿಎಆರ್‌ನ ಎಸ್.

ಹಳೇ_ಮೆಡಿಸಿನ್_ಮೇಷ್ಟ್ರು
ಭಕ್ತರೇ, ಆ ಮಾತು ಸರಿ. "ಸ್ಟೆಂಟ್ ಬಿಡಿ" ಅಂದಿದ್ದು ಮಾತ್ರ ತಪ್ಪು, ಅದಕ್ಕೆ ಆಮೇಲೆ ಬರ್ತೀನಿ.

ಡ್ಯೂಟಿ ಡಾಕ್ಟ್ರೆ, ನೀವು ಹಿಸ್ಟರಿಯನ್ನು ಹಳೇದರಿಂದ ಹೊಸದಕ್ಕೆ ಹೇಳ್ತಾ ಬಂದಿರಿ. ಕೇಸ್ ಶೀಟ್‌ನಲ್ಲಿ ಹಾಗೆ ಬರೀರಿ, ಫೋನಿನಲ್ಲಿ ಅದನ್ನ ತಿರುಗಿಸಿ. ಈಗ ಕೊಲ್ಲಬಹುದಾದದ್ದು ಮೊದಲು. ಆಮೇಲೆ ಹಳೇ ವಿಷಯಗಳನ್ನು ಒಂದೊಂದಾಗಿ ಎತ್ತಿಕೊಂಡು ಒಂದೇ ಪ್ರಶ್ನೆ ಕೇಳಿ: ಇದು ಗೊತ್ತಾದರೆ ಆ ಕಡೆಯವರು ಈ ರಾತ್ರಿ ಏನಾದರೂ ಬೇರೆ ಥರ ಮಾಡ್ತಾರಾ? 2003ರ ಟಿಬಿ, ಮಾಡಲ್ಲ. ಪೊರೆ, ಮಾಡಲ್ಲ. ಗರ್ಭಕೋಶ, ಈ ರಾತ್ರಿಗೆ ಬೇಡ. ಸ್ಟೆಂಟ್ ಹಾಗಲ್ಲ. ಏಳು ತಿಂಗಳ ಸ್ಟೆಂಟ್ ಅಂದ್ರೆ ರಕ್ತ ತೆಳು ಮಾಡುವ ಎರಡು ಮಾತ್ರೆ ನಡೀತಿರುತ್ತೆ, ಡಯಾಲಿಸಿಸ್‌ಗೆ ಕುತ್ತಿಗೆಯಲ್ಲೋ ತೊಡೆಯಲ್ಲೋ ಕ್ಯಾತಿಟರ್ ಹಾಕುವವನಿಗೆ ಅದು ಗೊತ್ತಿರಬೇಕು. ಆ ಮಾತ್ರೆಯನ್ನ ಸುಮ್ನೆ ನಿಲ್ಲಿಸೋ ಹಾಗೂ ಇಲ್ಲ.

ನನಗೆ ಬೇಕಾದದ್ದು ಇನ್ನೂ ಬಂದಿಲ್ಲ. ಮಾತ್ರೆಗಳ ಪಟ್ಟಿ ಎಲ್ಲಿ? ಹಳೇ ಕ್ರಿಯಾಟಿನಿನ್ ಎಷ್ಟಿತ್ತು? ಮನೆಯವರನ್ನು ಮೆಡಿಕಲ್ ಶಾಪ್ ಮಾತ್ರೆ ಬಗ್ಗೆ ಕೇಳಿದ್ರಾ?

ತಾಲ್ಲೂಕು_ಡ್ಯೂಟಿ
ಮಾತ್ರೆ: ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್, ಆಸ್ಪಿರಿನ್, ಟಿಕಾಗ್ರೆಲಾರ್, ಅಟೊರ್‌ವಾಸ್ಟಾಟಿನ್. ನಾಲ್ಕು ತಿಂಗಳ ಹಿಂದೆ ಕ್ರಿಯಾಟಿನಿನ್ 1.6. ಎಕೋದಲ್ಲಿ ಇಎಫ್ 40. ಮೆಡಿಕಲ್ ಶಾಪ್ ಮಾತ್ರೆ ಇಲ್ಲ ಅಂದಿದ್ರು, ಆದ್ರೆ ಸೊಸೆ ಚೀಲ ಬಿಚ್ಚಿದಾಗ ಹಾಳೆಯ ಪೊಟ್ಟಣದಲ್ಲಿ ಮಂಡಿನೋವಿನ ಮಾತ್ರೆ ಸಿಕ್ಕಿತು, ಡೈಕ್ಲೋಫೆನಾಕ್. ಹತ್ತು ದಿನದಿಂದ ದಿನಕ್ಕೆ ಎರಡು. "ಅದು ಮಾತ್ರೆ ಅಲ್ಲ ಸರ್, ನೋವಿಂದು" ಅಂದರು.

ಹಳೇ_ಮೆಡಿಸಿನ್_ಮೇಷ್ಟ್ರು
ನಿಮ್ಮ ಕೇಸ್ ಆ ಪೊಟ್ಟಣದಲ್ಲಿದೆ. ಹಾರ್ಟ್ ಅಟ್ಯಾಕ್ ಆಯ್ತು, ಹೃದಯ ಸೋತು ಇಎಫ್ 40ಕ್ಕೆ ಬಂತು, ಅದಕ್ಕೆ ಸ್ಪೈರೊನೊಲ್ಯಾಕ್ಟೋನ್ ಕೊಟ್ಟರು. ಟೆಲ್ಮಿಸಾರ್ಟನ್ ಜೊತೆಗಿತ್ತು. ಎರಡೂ ಪೊಟ್ಯಾಸಿಯಂ ಹಿಡಿದಿಡುವ ಮಾತ್ರೆಗಳೇ. ಕಿಡ್ನಿ ಆಗಲೇ ಸ್ವಲ್ಪ ಸೋತಿತ್ತು, ಆದ್ರೂ ಹೇಗೋ ನಡೀತಿತ್ತು. ಡೈಕ್ಲೋಫೆನಾಕ್ ಬಂದು ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡಿತು, ವಾಂತಿಯಿಂದ ನೀರೂ ಹೋಯ್ತು, ಕುಸೀತು. ಈಗ ಹೇಳಿ ಭಕ್ತರೇ, ಸ್ಟೆಂಟ್ ಬಿಟ್ಟರೆ ಈ ಕಥೆ ಹೇಗೆ ಹೇಳ್ತೀರಿ?

1.6 ಯಾಕೆ ಬೇಕು ಅಂದ್ರೆ, 5.2 ಅಂತ ಒಂದನ್ನೇ ಹೇಳಿದರೆ ಕೇಳುವವನು ಇದು ಹಳೇ ಕಿಡ್ನಿ ಕಾಯಿಲೆ, ಬೆಳಿಗ್ಗೆ ಓಪಿಡಿಗೆ ಬರಲಿ ಅಂದುಕೊಳ್ಳಬಹುದು. ನಾಲ್ಕು ತಿಂಗಳ ಹಿಂದೆ 1.6 ಅಂದ ಕೂಡಲೇ ಎದ್ದು ಕೂರ್ತಾನೆ.

ಎಸ್‌ಬಿಎಆರ್_ಭಕ್ತ
ಒಪ್ಪಿದೆ, ಸ್ಟೆಂಟ್ ಇರಲಿ. ಆದ್ರೆ ಅದು ಬಿ ಭಾಗಕ್ಕೇ ಬರುತ್ತೆ ಅಲ್ವಾ? ಅಂದ್ರೆ ಫಾರ್ಮ್ಯಾಟ್ ಸರಿಯೇ ಇದೆ.

ಕರಾವಳಿ_ಎಮರ್ಜೆನ್ಸಿ
ಫಾರ್ಮ್ಯಾಟ್ ಜಗಳ ಸಾಕು ಮಾರಾಯ್ರೆ. ಇದಕ್ಕಿಂತ ಕಿರಿಕಿರಿ ಆಗೋದು ಈ "ಕೆ/ಸಿ/ಓ". ಕೆ/ಸಿ/ಓ ಡಿಎಮ್, ಎಚ್‌ಟಿಎನ್, ಸಿಎಡಿ ಅಂತ ಅರ್ಧ ಸಾಲು ಅಕ್ಷರಗಳಲ್ಲೇ ಮುಗಿಸ್ತಾರೆ.

ಪಿಜಿ_ಎರಡನೇ_ವರ್ಷ
ಕೆ/ಸಿ/ಓಗೆ ಏನಾಗಿದೆ? ಜಾಗ ಉಳಿಯುತ್ತೆ.

ಕರಾವಳಿ_ಎಮರ್ಜೆನ್ಸಿ
ನಮ್ಮಲ್ಲಿ ಒಬ್ಬ ಇಂಟರ್ನ್ "ಎಮ್‌ಎಸ್" ಅಂತ ಬರೆದಿದ್ದ. ಮೈಟ್ರಲ್ ಸ್ಟೆನೋಸಿಸ್ಸಾ, ಮಲ್ಟಿಪಲ್ ಸ್ಕ್ಲಿರೋಸಿಸ್ಸಾ, ಮಾರ್ಫಿನ್ನಾ ಅಂತ ಅರ್ಧ ಗಂಟೆ ಚರ್ಚೆ ಮಾಡಿದ್ದೇವೆ. ನಾನಂತೂ ಕಾಯಿಲೆ ಹೆಸರು ಪೂರ್ತಿ ಬರೀತೇನೆ.

ತಾಲ್ಲೂಕು_ಡ್ಯೂಟಿ
ಮೇಷ್ಟ್ರೇ, ಹೀಗೆ ಬರೆದೆ, ನೋಡಿ:

"61 ವರ್ಷದ ಮಹಿಳೆ, ಪೊಟ್ಯಾಸಿಯಂ 6.9 ಮತ್ತು ಇಸಿಜಿ ಬದಲಾವಣೆ, ಮೂರು ದಿನದಿಂದ ಮೂತ್ರ ಕಡಿಮೆ, ಕ್ರಿಯಾಟಿನಿನ್ 5.2, ನಾಲ್ಕು ತಿಂಗಳ ಹಿಂದೆ 1.6, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಜೊತೆಗೆ 10 ದಿನ ಡೈಕ್ಲೋಫೆನಾಕ್ ತಗೊಂಡಿದ್ದಾರೆ.
ಸಕ್ಕರೆ ಕಾಯಿಲೆ, 7 ತಿಂಗಳ ಹಿಂದೆ ಸ್ಟೆಂಟ್, ಇಎಫ್ 40, ಆಸ್ಪಿರಿನ್ ಮತ್ತು ಟಿಕಾಗ್ರೆಲಾರ್ ನಡೀತಿದೆ. ಕ್ಯಾಲ್ಸಿಯಂ, ಇನ್ಸುಲಿನ್ ಕೊಟ್ಟಿದ್ದೇವೆ."

ಪಿಜಿ_ಎರಡನೇ_ವರ್ಷ
ಇದು ಬಂದಿದ್ರೆ ನಾನು ಫೋನ್ ಇಡ್ತಿರಲಿಲ್ಲ. ಆದ್ರೆ ಇನ್ನೂ ಏನು ಬೇಕು ಅಂತ ಕೇಳಿಲ್ಲ. "ಇವತ್ತು ರಾತ್ರಿಯೇ ಡಯಾಲಿಸಿಸ್ ಬೇಕಾಗಬಹುದು, ಬೆಡ್ ಇದೆಯಾ" ಅಂತ ಸೇರಿಸಿ. ಇಲ್ಲದಿದ್ರೆ ಸಲಹೆ ಕೇಳ್ತಿದ್ದೀರಾ, ಕಳಿಸ್ತಿದ್ದೀರಾ ಗೊತ್ತಾಗಲ್ಲ. ಮೂತ್ರ ಕಡಿಮೆ ಅಂದ್ರೆ ಎಷ್ಟು?

ತಾಲ್ಲೂಕು_ಡ್ಯೂಟಿ
ಕ್ಯಾತಿಟರ್ ಹಾಕಿ ಮೂರು ಗಂಟೆಯಲ್ಲಿ 40 ಮಿಲಿ.

ಹಳೇ_ಮೆಡಿಸಿನ್_ಮೇಷ್ಟ್ರು
"ಕಡಿಮೆ" ತೆಗೆದು ಅದನ್ನೇ ಹಾಕಿ. ಮತ್ತೆ, ಕ್ಯಾಲ್ಸಿಯಂ ಎಷ್ಟು ಗಂಟೆಗೆ ಕೊಟ್ಟಿರಿ? ನಿಮ್ಮಿಂದ ಅಲ್ಲಿಗೆ ಎಷ್ಟು ದೂರ?

ತಾಲ್ಲೂಕು_ಡ್ಯೂಟಿ
85 ಕಿಲೋಮೀಟರ್, ರಾತ್ರಿ ಎರಡು ಗಂಟೆ ದಾರಿ. ಕ್ಯಾಲ್ಸಿಯಂ 9:40ಕ್ಕೆ, ಇನ್ಸುಲಿನ್ ಡೆಕ್ಸ್‌ಟ್ರೋಸ್ 9:50ಕ್ಕೆ. ಹೊರಟಿದ್ದು 10:15.

ಹಳೇ_ಮೆಡಿಸಿನ್_ಮೇಷ್ಟ್ರು
ಕ್ಯಾಲ್ಸಿಯಂ ಪೊಟ್ಯಾಸಿಯಂ ಇಳಿಸಲ್ಲ, ಹೃದಯವನ್ನು ಅರ್ಧ ಗಂಟೆಯಿಂದ ಒಂದು ಗಂಟೆ ಕಾಯುತ್ತೆ ಅಷ್ಟೇ. ಅಲ್ಲಿಗೆ ಮುಟ್ಟೋದು 12:15. ಅಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತೆ. "ಕೊಟ್ಟಿದ್ದೇವೆ" ಅಂತ ಓದಿದವನು ಸದ್ಯ ಸೇಫ್ ಅಂದುಕೊಳ್ತಾನೆ, 9:40 ಅಂತ ಓದಿದವನು ಬಾಗಿಲಲ್ಲೇ ಇಸಿಜಿ ತೆಗೀತಾನೆ. ಇನ್ಸುಲಿನ್ ಇನ್ನೊಂದು ಥರ. ಅದರ ಕೆಲಸ ನಾಲ್ಕರಿಂದ ಆರು ಗಂಟೆ, ಸೋತ ಕಿಡ್ನಿಯಲ್ಲಿ ಇನ್ನೂ ಜಾಸ್ತಿ ಹೊತ್ತು ನಿಲ್ಲುತ್ತೆ, ದಾರಿಯಲ್ಲೇ ಶುಗರ್ ಬಿದ್ದುಹೋಗಬಹುದು. ಮಾತ್ರೆಯ ಡೋಸ್ ಬಿಟ್ಟರೂ ಪರವಾಗಿಲ್ಲ, ಈ ಎರಡು ಟೈಮ್ ಬಿಡಬೇಡಿ. ಆಂಬುಲೆನ್ಸ್‌ನಲ್ಲಿ ಇನ್ನೊಂದು ಕ್ಯಾಲ್ಸಿಯಂ ಆಂಪ್ಯೂಲ್, ಗ್ಲೂಕೋಮೀಟರ್ ಇಟ್ಟಿದ್ರಾ?

ತಾಲ್ಲೂಕು_ಡ್ಯೂಟಿ
ಗ್ಲೂಕೋಮೀಟರ್ ಇತ್ತು. ಆಂಪ್ಯೂಲ್ ಇಟ್ಟಿರಲಿಲ್ಲ. ಇವತ್ತು ಸಂಜೆ ಸಿಸ್ಟರ್‌ಗೆ ಹೇಳಿ ಎರಡು ಆಂಬುಲೆನ್ಸ್ ಡಬ್ಬಿಗೆ ಹಾಕಿಸಿದೆ. ಅಮ್ಮ ಮುಟ್ಟಿದ ರಾತ್ರಿಯೇ ಡಯಾಲಿಸಿಸ್ ಆಯ್ತಂತೆ, ಇನ್ನೂ ವಾರ್ಡಿನಲ್ಲೇ ಇದ್ದಾರೆ.

ಕರಾವಳಿ_ಎಮರ್ಜೆನ್ಸಿ
ಸ್ಕ್ಯಾನ್ ಆಗಿತ್ತಾ? ಕಿಡ್ನಿ ದಾರಿಯಲ್ಲಿ ಬ್ಲಾಕ್ ಇದೆಯಾ ಅಂತ ಗೊತ್ತಿಲ್ಲದೆ ಎಲ್ಲಾ ಡೈಕ್ಲೋಫೆನಾಕ್ ಮೇಲೆ ಹಾಕೋದು ಎಷ್ಟು ಸರಿ?

ಹಳೇ_ಮೆಡಿಸಿನ್_ಮೇಷ್ಟ್ರು
ಒಳ್ಳೇ ಪ್ರಶ್ನೆ. "ಸ್ಕ್ಯಾನ್ ಆಗಿಲ್ಲ" ಅಂತ ಎರಡೇ ಪದ, ಸೇರಿಸಬಹುದು.

ಪಿಜಿ_ಎರಡನೇ_ವರ್ಷ
ಹೀಗೆ ಸೇರಿಸ್ತಾ ಹೋದರೆ ಅದು ನಾಲ್ಕು ಸಾಲು ಮೇಷ್ಟ್ರೇ. ಪೇಶಂಟ್ ಬಂದ ಮೇಲೆ ಸ್ಕ್ಯಾನ್ ನಾವೇ ಮಾಡ್ತೀವಿ. ಟಿಕಾಗ್ರೆಲಾರ್ ಕೊನೇ ಡೋಸ್ ಯಾವಾಗ ಅನ್ನೋದು ನನಗೆ ಅದಕ್ಕಿಂತ ಮುಖ್ಯ.

ಹಳೇ_ಮೆಡಿಸಿನ್_ಮೇಷ್ಟ್ರು
ಅದಕ್ಕೆ ನಾನು ಒಪ್ಪಲ್ಲ. 6.9 ಇರುವಾಗ ಕೊನೇ ಡೋಸ್ ಯಾವಾಗ ಆದರೂ ನೀವು ಕ್ಯಾತಿಟರ್ ಹಾಕೇ ಹಾಕ್ತೀರಿ.

ಪಿಜಿ_ಎರಡನೇ_ವರ್ಷ
ಹಾಕ್ತೀವಿ. ಎಷ್ಟು ಹೊತ್ತು ಒತ್ತಿ ಹಿಡೀಬೇಕು ಅಂತ ಗೊತ್ತಿರಬೇಕಲ್ಲ.

ಎಸ್‌ಬಿಎಆರ್_ಭಕ್ತ
ಲ್ಯಾಮಿನೇಟ್ ಕಾರ್ಡಿನಲ್ಲಿ "ಕೊಟ್ಟ ಟೈಮ್" ಅಂತ ಒಂದು ಕಾಲಂ ಹೆಚ್ಚು ಹಾಕಿಸಿದ್ದೇನೆ. ಫೋಟೋ ಬೇಕಾ?

ಅಮ್ಮನ_ಫೈಲು
ನಮ್ಮಮ್ಮನೂ ಮಂಡಿನೋವಿಗೆ ಏನೋ ಮಾತ್ರೆ ತಗೋತಾರೆ, ಅದು ನನ್ನ ಎಕ್ಸೆಲ್‌ನಲ್ಲಿ ಇಲ್ಲ. ಬಿಪಿ ಮಾತ್ರೆಯೂ ಇದೆ. ಹೆಸರು ನೋಡಿಕೊಂಡು ಬರ್ತೀನಿ, ಪೊಟ್ಟಣದ ಮೇಲೆ ಏನೂ ಬರೆದಿಲ್ಲ.

ಹಳೇ_ಮೆಡಿಸಿನ್_ಮೇಷ್ಟ್ರು
ಇಲ್ಲಿ ಬರಬೇಡಿ. ಆ ಪೊಟ್ಟಣ ತಗೊಂಡು ನಾಳೆ ಬೆಳಿಗ್ಗೆ ನಿಮ್ಮ ಡಾಕ್ಟರ ಹತ್ರ ಹೋಗಿ, ಅಲ್ಲೀವರೆಗೂ ಅಮ್ಮನಿಗೆ ಆ ನೋವಿನ ಮಾತ್ರೆ ಕೊಡಬೇಡಿ.