ಡೇಟು ದಾಟಿದೆ ಅಂತಾರೆ, ಆದರೆ ಯಾವ ಡೇಟು?

ಪ್ರಶ್ನೆ (ಅರಸೀಕೆರೆಯಿಂದ):
ನಮಸ್ಕಾರ ಡಾಕ್ಟ್ರೇ. ನನಗಿದು ಮೊದಲ ಹೆರಿಗೆ. ಕೊನೆಯ ಸಲ ಮುಟ್ಟಾಗಿದ್ದು ಜನವರಿ 1, ಅದರ ಲೆಕ್ಕಕ್ಕೆ ಅಕ್ಟೋಬರ್ 8 ಹೆರಿಗೆಯ ಡೇಟು. ಮಾರ್ಚ್ 5ರ ಮೊದಲ ಸ್ಕ್ಯಾನಿನಲ್ಲಿ 7 ವಾರ 5 ದಿನ ಅಂತ ಬರೆದು ಅಕ್ಟೋಬರ್ 17 ಕೊಟ್ಟಿದ್ದಾರೆ. ಒಂಬತ್ತನೇ ತಿಂಗಳ ಸ್ಕ್ಯಾನಿನಲ್ಲಿ ಸೆಪ್ಟೆಂಬರ್ 30 ಅಂತಿದೆ. ಇವತ್ತು ಅಕ್ಟೋಬರ್ 14. ಮಗುವಿನ ಎದೆಬಡಿತ ನೋಡುವ ಎನ್‌ಎಸ್‌ಟಿ ಚೆನ್ನಾಗಿದೆ, ಗರ್ಭದ ನೀರು 9 ಇದೆ ಅಂದರು. ಆದರೂ ಡೇಟು ದಾಟಿದೆ, ನಾಳೆ ಅಡ್ಮಿಟ್ ಆಗಿ ನೋವು ಬರಿಸೋಣ ಅಂತಾರೆ. ಅತ್ತೆ ಬೇಡ ಅಂತಿದ್ದಾರೆ. ನೋವು ಬರಿಸಿದರೆ ಕೊನೆಗೆ ಆಪರೇಷನ್ನೇ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಏನು ಮಾಡಲಿ?

ಉಡುಪಿಯ ಓದುಗರೊಬ್ಬರು:
ಹೊಸ ಸ್ಕ್ಯಾನೇ ಸರಿ ಅಲ್ವಾ? ಮಗು ದೊಡ್ಡದಾದ ಮೇಲೆ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ಹಾಗಾದರೆ ನಿಮಗೆ ಆಗಲೇ ಎರಡು ವಾರ ದಾಟಿದೆ. ತಡ ಮಾಡಬೇಡಿ.

ಹೆರಿಗೆ ವೈದ್ಯೆ:
ಕೊನೆಯ ಸ್ಕ್ಯಾನಿನ ಡೇಟನ್ನು ಪಕ್ಕಕ್ಕಿಡಿ. ಮೊದಲ ಮೂರು ತಿಂಗಳಲ್ಲಿ ಎಲ್ಲ ಮಕ್ಕಳೂ ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಬೆಳೆಯುತ್ತವೆ. ಆಗ ತಲೆಯಿಂದ ಕುಂಡೆಯವರೆಗಿನ ಉದ್ದ ಅಳೆದರೆ ವಯಸ್ಸು ಕೆಲವೇ ದಿನಗಳ ಆಚೀಚೆಯಲ್ಲಿ ಸಿಗುತ್ತದೆ. ಒಂಬತ್ತನೇ ತಿಂಗಳಿಗೆ ಒಂದು ಮಗು ದಪ್ಪ, ಇನ್ನೊಂದು ಸಣ್ಣ. ಮಷೀನು ಆ ಗಾತ್ರವನ್ನೇ ವಯಸ್ಸು ಅಂದುಕೊಂಡು ಒಂದು ಡೇಟು ಅಚ್ಚು ಹಾಕಿಬಿಡುತ್ತದೆ. ನಿಮ್ಮ ಮಗು ಸ್ವಲ್ಪ ದೊಡ್ಡದು, ಸೆಪ್ಟೆಂಬರ್ 30ಕ್ಕೆ ಅಷ್ಟೇ ಅರ್ಥ.

ಉಳಿದಿದ್ದು 8 ಮತ್ತು 17. ನಿಮಗೆ ಮುಟ್ಟು ಎಷ್ಟು ದಿನಕ್ಕೊಮ್ಮೆ ಬರುತ್ತಿತ್ತು?

ಪ್ರಶ್ನೆ ಕೇಳಿದವರು:
36, 37 ದಿನ ಆಗುತ್ತಿತ್ತು ಮೇಡಂ. ಯಾರೂ ಕೇಳಿರಲಿಲ್ಲ.

ಹೆರಿಗೆ ವೈದ್ಯೆ:
ಹಾಗಿದ್ದರೆ ಲೆಕ್ಕ ಕೂಡಿಬರುತ್ತದೆ. ಮುಟ್ಟಿನಿಂದ 280 ದಿನ ಎಣಿಸುವ ಪದ್ಧತಿ 28 ದಿನಕ್ಕೆ ಮುಟ್ಟಾಗುವವರಿಗೆ ಹೊಂದುವಂಥದ್ದು. ನಿಮಗೆ ಗರ್ಭ ನಿಂತದ್ದೇ ಎಂಟೊಂಬತ್ತು ದಿನ ತಡವಾಗಿ. ಮಾರ್ಚ್ 5ಕ್ಕೆ ಮುಟ್ಟಿನ ಲೆಕ್ಕದಲ್ಲಿ ಸರಿಯಾಗಿ 9 ವಾರ ಆಗಬೇಕಿತ್ತು, ಸ್ಕ್ಯಾನ್ ತೋರಿಸಿದ್ದು 7 ವಾರ 5 ದಿನ. ಅಂದರೆ 9 ದಿನದ ವ್ಯತ್ಯಾಸ. ಆ ಹಂತದಲ್ಲಿ ಒಂದು ವಾರಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಸ್ಕ್ಯಾನಿನ ಡೇಟನ್ನೇ ಹಿಡಿಯುತ್ತೇವೆ. ಹಾಗೆ ನೋಡಿದರೆ ನಿಮಗೆ ಇವತ್ತು 39 ವಾರ 4 ದಿನ. ಡೇಟು ಇನ್ನೂ ಬಂದೇ ಇಲ್ಲ. 41 ವಾರ ತುಂಬುವುದು ಅಕ್ಟೋಬರ್ 24ಕ್ಕೆ.

ಆದರೆ ಇಷ್ಟು ಓದಿ ನಾಳೆ ಹೋಗದೆ ಇರಬೇಡಿ. ಮೊದಲ ಸ್ಕ್ಯಾನ್ ರಿಪೋರ್ಟು ಮತ್ತು ತಾಯಿ ಕಾರ್ಡ್ ಎರಡನ್ನೂ ತೆಗೆದುಕೊಂಡು ಹೋಗಿ. "ನನ್ನ ಮುಟ್ಟು 37 ದಿನದ್ದು, ಯಾವ ಡೇಟು ಹಿಡಿದಿದ್ದೀರಿ? ಡೇಟು ಬಿಟ್ಟು ಬೇರೆ ಕಾರಣ ಇದೆಯಾ?" ಎಂದು ಕೇಳಿ. ಬಿಪಿ ಏರಿದ್ದರೆ, ಸಕ್ಕರೆ ಇದ್ದರೆ, ಮಗುವಿನ ಬೆಳವಣಿಗೆ ಅಥವಾ ಓಡಾಟ ಕಡಿಮೆ ಆಗಿದ್ದರೆ ಈ ಲೆಕ್ಕವೇ ಬೇರೆ. ಆಗ ಅವರು ಹೇಳಿದ್ದೇ ಸರಿ ಇರಬಹುದು.

ಚನ್ನಗಿರಿ ಕಡೆಯ ಆಶಾ ಕಾರ್ಯಕರ್ತೆ:
ತಂಗಿ, ದಿನಾ ಊಟ ಆದ ಮೇಲೆ ಎಡಮಗ್ಗುಲಿಗೆ ಮಲಗಿ ಮಗು ಒದೆಯುವುದನ್ನು ಎಣಿಸಿ. ಎರಡು ಗಂಟೆಯೊಳಗೆ 10 ಸಲ ಆಗಬೇಕು. ದಿನ ತುಂಬಿದ ಮೇಲೆ ಜಾಗ ಸಾಲದೆ ಸ್ವಲ್ಪ ಕಡಿಮೆ ಆಗುತ್ತದೆ, ಅದಕ್ಕೆ ಗಾಬರಿ ಬೇಡ.

ಹೆರಿಗೆ ವೈದ್ಯೆ:
ಎಣಿಸುವ ಮಾತು ಸರಿ ಅಕ್ಕ. ಕೊನೆಯ ಮಾತು ಮಾತ್ರ ದಯವಿಟ್ಟು ಯಾರಿಗೂ ಹೇಳಬೇಡಿ. ಒದೆತದ ಬದಲು ಹೊರಳಿದ ಹಾಗೆ, ಒತ್ತಿದ ಹಾಗೆ ಅನ್ನಿಸಬಹುದು. ಆದರೆ ಓಡಾಟ ಕಡಿಮೆ ಆಗಬಾರದು. ಕಡಿಮೆ ಅನ್ನಿಸಿದರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಅಂತ ಕಾಯಬಾರದು. ಹಿಂದಿನ ದಿನ ಎನ್‌ಎಸ್‌ಟಿ ಚೆನ್ನಾಗಿತ್ತು ಅಂದರೂ ಸರಿಯೇ.

ಮೈಸೂರಿನಿಂದ ಒಬ್ಬ ಗಂಡ:
ಎನ್‌ಎಸ್‌ಟಿ, ನೀರು ಎರಡೂ ಸರಿ ಇದ್ದರೆ 42 ವಾರದವರೆಗೂ ಕಾಯಬಹುದಲ್ಲ ಮೇಡಂ? ವಾರಕ್ಕೆರಡು ಸಲ ನೋಡಿಕೊಂಡರೆ ಸಾಕು ಅಂತ ಓದಿದ್ದೆ.

ಹೆರಿಗೆ ವೈದ್ಯೆ:
ವಾರಕ್ಕೆರಡು ಸಲ ನೋಡುವುದು ನಿಜ. ಅದರಿಂದ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ ಎಂಬುದೇ ಇಲ್ಲಿ ಮುಖ್ಯ. ಎನ್‌ಎಸ್‌ಟಿಯಲ್ಲಿ ಇಪ್ಪತ್ತು ನಿಮಿಷ ಹೊಟ್ಟೆಗೆ ಬೆಲ್ಟು ಕಟ್ಟಿ ಮಗುವಿನ ಎದೆಬಡಿತ ಬರೆಸುತ್ತೇವೆ. ಮಗು ಆಡಿದಾಗ ಬಡಿತ ಏರಿದರೆ ಆ ಹೊತ್ತಿಗೆ ಅದಕ್ಕೆ ಆಮ್ಲಜನಕ ಸಾಕಷ್ಟು ಸಿಗುತ್ತಿದೆ ಅಂತ ಅರ್ಥ. ಏರದಿದ್ದರೆ ತಕ್ಷಣ ಹೆದರುವುದಿಲ್ಲ, ಮಗು ನಿದ್ದೆಯಲ್ಲಿರಬಹುದು. ಇನ್ನೊಂದಿಷ್ಟು ಹೊತ್ತು ಬರೆಸುತ್ತೇವೆ.

ನೀರು ನೋಡುವುದು ಹಿಂದಿನ ಕೆಲವು ದಿನಗಳ ಕಥೆ ತಿಳಿಯಲು. ಮಾಸು ಸೋಲುತ್ತಾ ಬಂದರೆ ಮಗು ರಕ್ತವನ್ನು ಮೆದುಳಿಗೆ, ಹೃದಯಕ್ಕೆ ಉಳಿಸಿಕೊಳ್ಳುತ್ತದೆ. ಮೂತ್ರಪಿಂಡಕ್ಕೆ ಹೋಗುವ ರಕ್ತ ಕಡಿಮೆ ಆಗಿ ಮಗು ಮಾಡುವ ಮೂತ್ರವೂ ಕಡಿಮೆ ಆಗುತ್ತದೆ. ಗರ್ಭದ ನೀರು ಬಹುಪಾಲು ಅದೇ ಅಲ್ವಾ? ಹಾಗಾಗಿ ನಾಲ್ಕು ಕಡೆ ಅಳೆದು ಕೂಡಿಸಿದ ಲೆಕ್ಕ 5 ಸೆಂಟಿಮೀಟರಿಗೆ ಇಳಿದರೆ ಕಾಯುವುದಿಲ್ಲ. ಇವರಿಗೆ 9 ಇದೆ, ಒಳ್ಳೆಯದು.

ಆದರೆ ಎರಡೂ ಸರಿ ಇದ್ದ ಮಗುವೂ ಅಪರೂಪಕ್ಕೆ ಎರಡು ದಿನದಲ್ಲಿ ತೀರಿಹೋಗುತ್ತದೆ. ಕರುಳಬಳ್ಳಿ ಒತ್ತಿಹೋಗುವುದನ್ನು, ಮಾಸು ಹಠಾತ್ ಕೈಕೊಡುವುದನ್ನು ಯಾವ ಪರೀಕ್ಷೆಯೂ ಮುಂಚೆ ಹೇಳುವುದಿಲ್ಲ. ಸ್ವೀಡನ್ನಿನಲ್ಲಿ 41 ವಾರ ತುಂಬಿದ ಸುಮಾರು 2,760 ಗರ್ಭಿಣಿಯರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಆಗಲೇ ನೋವು ಬರಿಸಿದರು, ಇನ್ನೊಂದು ಗುಂಪನ್ನು 42ರವರೆಗೆ ಕಾಯಿಸಿದರು. ಕಾದವರಲ್ಲಿ ಆರು ಮಕ್ಕಳು ಹೋದವು, ಇನ್ನೊಂದು ಗುಂಪಿನಲ್ಲಿ ಒಂದೂ ಇಲ್ಲ. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ಆಪರೇಷನ್ ಪ್ರಮಾಣ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಕೂಡ 41 ವಾರಕ್ಕೆ ನೋವು ಬರಿಸಲು ಹೇಳುವುದು ಇದೇ ಭಯದಿಂದ. ಅಪಾಯ ಚಿಕ್ಕದು, ನಿಜ. ಆದರೆ ಆ ಆರು ಮನೆಗಳಿಗೆ ಅದು ಚಿಕ್ಕದಲ್ಲ.

ಮೈಸೂರಿನಿಂದ ಒಬ್ಬ ಗಂಡ:
ಸ್ಟಾಕ್‌ಹೋಮ್ ಕಡೆ 41ಕ್ಕೆ ಎಲ್ಲರಿಗೂ ಸ್ಕ್ಯಾನ್ ಮಾಡುತ್ತಿದ್ದರು, ಅಲ್ಲಿ ಯಾವ ಮಗುವೂ ಹೋಗಲಿಲ್ಲ ಅಂತಲೂ ಓದಿದ್ದೆ. ಹಾಗಾದರೆ ಸ್ಕ್ಯಾನಿನಿಂದ ಉಪಯೋಗ ಇದೆ ಅಂತಾಯ್ತಲ್ಲ?

ಹೆರಿಗೆ ವೈದ್ಯೆ:
ಇರಬಹುದು. ಆದರೆ ಆ ಅಧ್ಯಯನ ಅದನ್ನು ತೂಗಲು ಮಾಡಿದ್ದಲ್ಲ. ಆರು ಸಾವಿನ ಮೇಲೆ ಅಷ್ಟು ದೊಡ್ಡ ತೀರ್ಮಾನ ಕಟ್ಟಲು ನನಗೆ ಧೈರ್ಯ ಇಲ್ಲ.

ಶಿರಸಿಯ ಒಬ್ಬ ತಾಯಿ:
ನನಗೆ ಮೊದಲನೆಯದು ಸಿಸೇರಿಯನ್. ಈಗ 40 ವಾರ. ನನಗೂ ಹೀಗೇ ಮಾತ್ರೆ ಇಟ್ಟು ನೋವು ಬರಿಸುತ್ತಾರಾ?

ಹೆರಿಗೆ ವೈದ್ಯೆ:
ನಿಮ್ಮದು ಬೇರೆ ವಿಷಯ. ಹಳೇ ಹೊಲಿಗೆ ಬಿಡುವ ಭಯ ಇರುವುದರಿಂದ ಮಿಸೊಪ್ರೊಸ್ಟಾಲ್ ಮಾತ್ರೆ ಇಡುವ ಹಾಗಿಲ್ಲ. ಹಿಂದಿನ ಆಪರೇಷನ್ ಚೀಟಿ ಹಿಡಿದು ಇದೇ ವಾರ ನಿಮ್ಮ ಡಾಕ್ಟರ ಹತ್ತಿರ ಮಾತಾಡಿ.

ಪ್ರಶ್ನೆ ಕೇಳಿದವರು:
ಮೇಡಂ, ಹೋಗಿ ಬಂದೆ. ಮುಟ್ಟಿನ ವಿಷಯ ಹೇಳಿದ ಮೇಲೆ ಅವರೇ ಕಾರ್ಡಿನಲ್ಲಿ 17 ಅಂತ ತಿದ್ದಿದರು. ಬೇರೆ ಕಾರಣ ಇಲ್ಲವಂತೆ. 18ಕ್ಕೆ ಎನ್‌ಎಸ್‌ಟಿ, ನೋವು ಬರದಿದ್ದರೆ 24ಕ್ಕೆ ಅಡ್ಮಿಟ್. ಒಳಗೆ ಪರೀಕ್ಷೆ ಮಾಡಿ, ಗರ್ಭದ ಬಾಯಿ ಇನ್ನೂ ಗಟ್ಟಿ ಇದೆ ಅಂದರು. ಹಾಗಂದರೆ 24ಕ್ಕೂ ಕಷ್ಟವಾ?

ಹೆರಿಗೆ ವೈದ್ಯೆ:
ಹತ್ತು ದಿನದಲ್ಲಿ ಅದು ತಾನಾಗಿಯೇ ಮೆತ್ತಗಾಗಬಹುದು. ಆಗದಿದ್ದರೆ ನೇರ ನೋವು ಬರಿಸುವ ಡ್ರಿಪ್ ಹಾಕುವುದಿಲ್ಲ. ಮೊದಲು ಜೆಲ್ ಇಡುತ್ತಾರೆ, ಅಥವಾ ಫೋಲಿ ಎಂಬ ಸಣ್ಣ ಬಲೂನು ಇಟ್ಟು ಬಾಯಿಯನ್ನು ಮೆತ್ತಗೆ ಮಾಡುತ್ತಾರೆ. ಇದಕ್ಕೇ ಒಂದು ದಿನ ಹಿಡಿಯಬಹುದು. ಆಮೇಲೆ ನೀರಿನ ಚೀಲ ಒಡೆದು ಡ್ರಿಪ್. ಮೊದಲ ಹೆರಿಗೆಗೆ ಒಂದೂವರೆ, ಎರಡು ದಿನ ಆದರೂ ಅದು ಸೋಲಲ್ಲ. ಬಾಯಿ ಮೆತ್ತಗಾಗುವ ಮೊದಲೇ ಬೇಸತ್ತು ಆಪರೇಷನ್‌ಗೆ ಹೊರಡುವುದರಿಂದಲೇ ಎಷ್ಟೋ ಕಡೆ ನೋವು ಬರಿಸಿದರೆ ಆಪರೇಷನ್ನೇ ಎಂಬ ಮಾತು ಹುಟ್ಟಿದ್ದು. ಡ್ರಿಪ್ಪಿನ ನೋವು ಜೋರಾಗಿಯೇ ಇರುತ್ತದೆ. ನೋವು ತಗ್ಗಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಸಿಗುತ್ತದಾ, ಡ್ರಿಪ್ ಓಡುವಾಗ ಎದೆಬಡಿತವನ್ನು ಬಿಡದೆ ನೋಡುತ್ತಾರಾ, ಎರಡನ್ನೂ 18ಕ್ಕೆ ಹೋದಾಗ ಕೇಳಿಕೊಂಡು ಬನ್ನಿ.