ಒಂದೇ ಪುಟದ ಡ್ಯಾಶ್‌ಬೋರ್ಡ್: ಎಂಡಿ ಕಣ್ಣು ಸೀದಾ ಪೈ ಚಾರ್ಟ್ ಮೇಲೇ ಹೋಗುತ್ತಿದೆ

ಟೈಲ್ಸ್‌ಲೆಕ್ಕ:
ನಮ್ಮದು ಟೈಲ್ಸ್ ವ್ಯಾಪಾರ, ಆರು ಬ್ರಾಂಚ್. ಸೋಮವಾರದ ಮೀಟಿಂಗ್‌ಗೆ ಎಕ್ಸೆಲ್‌ನಲ್ಲಿ ಒಂದು ಪುಟದ ರಿಪೋರ್ಟ್ ಮಾಡಿ, ಎ4 ಹಾಳೆಯಲ್ಲಿ ಅಡ್ಡಕ್ಕೆ ಪ್ರಿಂಟ್ ಕೊಡುತ್ತೇನೆ. ಎಡಕ್ಕೆ ಬ್ರಾಂಚ್ ಪಟ್ಟಿ, ನಡುವೆ ದೊಡ್ಡ ಪೈ ಚಾರ್ಟ್, ಬಲಕ್ಕೆ ಟ್ರೆಂಡ್. ಮಾರಾಟ, ವಸೂಲಿ, ಬಾಕಿ ಈ ಮೂರು ಅಂಕಿ ಕೆಳಗಿನ ಮೂಲೆಯಲ್ಲಿವೆ. ಎಂಡಿ ಐದು ನಿಮಿಷ ಪೈ ನೋಡಿ, "ಅದ್ಸರಿ, ಈ ತಿಂಗಳು ಎಷ್ಟಾಯ್ತು?" ಅಂತ ನನ್ನನ್ನೇ ಕೇಳುತ್ತಾರೆ. ಅಂಕಿ ತೋರಿಸಿದರೆ ಪಕ್ಕದಲ್ಲಿ -63% ಅಂತ ಕೆಂಪಗಿದೆ. ಟ್ರೆಂಡ್ ಗೆರೆಯೂ ಜುಲೈ ಆದಮೇಲೆ ಸೊನ್ನೆಗೆ ಬೀಳುತ್ತದೆ. ಹೇಗೆ ಜೋಡಿಸಲಿ?

ಬಣ್ಣದಬುಗುರಿ:
ಅಂಕಿಗಳನ್ನು ಎಡಗಡೆ ಮೇಲಕ್ಕೆ ತನ್ನಿ, ಓದುವುದು ಅಲ್ಲಿಂದಲೇ ಅಲ್ವಾ? ಒಂದೊಂದಕ್ಕೂ ಸ್ಪೀಡೋಮೀಟರ್ ಚಾರ್ಟ್ ಹಾಕಿ. ಮುಗೀತು.

ಗೋದಾಮು7:
ನನಗೂ ಇದೇ ತೊಂದರೆ ಇತ್ತು. ಕೊನೆಯ ಕಾಲಂ ಎರಡನೇ ಹಾಳೆಗೆ ಹೋಗುತ್ತಿತ್ತು. Page Layout ಟ್ಯಾಬ್‌ನಲ್ಲಿ Width, Height ಎರಡಕ್ಕೂ 1 page ಕೊಟ್ಟೆ, ಸರಿಹೋಯಿತು.

ಟೈಲ್ಸ್‌ಲೆಕ್ಕ:
ಸರ್, ನನ್ನದು ಒಂದೇ ಹಾಳೆಯಲ್ಲಿ ಬರುತ್ತಿದೆ. ತೊಂದರೆ ಜೋಡಣೆಯದು.

ಕಾಲಂಅಕ್ಕ:
ಅಂಕಿ ಮೇಲೆ ತರಬೇಕು ಅನ್ನುವುದು ಸರಿ. ಸ್ಪೀಡೋಮೀಟರ್ ಮಾತ್ರ ಬೇಡ. ಅಂಗೈ ಅಗಲದ ಜಾಗ ತಿಂದು ಹೇಳುವುದು ಒಂದೇ ಅಂಕಿ.

ನಿಮ್ಮ ಎಂಡಿ ಕೇಳುವ ಕ್ರಮದಲ್ಲೇ ಪುಟ ಇರಲಿ. ಎಷ್ಟಾಯ್ತು, ಏರುತ್ತಿದೆಯಾ ಇಳಿಯುತ್ತಿದೆಯಾ, ಎಲ್ಲಿ ಕೈಕೊಟ್ಟಿದೆ. ಹಾಳೆಯ ಮೇಲಿನ ಐದನೇ ಒಂದು ಭಾಗದಲ್ಲಿ ಮೂರು ಅಂಕಿ, ದಪ್ಪ ಅಕ್ಷರದಲ್ಲಿ. ಅದರ ಕೆಳಗೆ ಪುಟದ ಪೂರ್ತಿ ಅಗಲಕ್ಕೆ ಟ್ರೆಂಡ್. ಕೊನೆಗೆ ಬ್ರಾಂಚ್ ಪಟ್ಟಿ. ಪಟ್ಟಿಯನ್ನು ಊರಿನ ಹೆಸರಿನ ಪ್ರಕಾರ ಜೋಡಿಸಬೇಡಿ, ಟಾರ್ಗೆಟ್‌ಗಿಂತ ಎಲ್ಲಕ್ಕಿಂತ ಹಿಂದೆ ಬಿದ್ದ ಬ್ರಾಂಚ್ ಮೊದಲು ಬರಲಿ. ಪೈ ತೆಗೆದುಬಿಡಿ. ಯಾವ ಬ್ರಾಂಚ್‌ನ ಪಾಲೆಷ್ಟು ಅನ್ನುವುದು ವಾರವಾರಕ್ಕೆ ಬದಲಾಗುವುದಿಲ್ಲ.

ಆದರೆ ಆ -63% ಹಾಗೇ ಇದ್ದರೆ ಎಲ್ಲಿಟ್ಟರೂ ಜಗಳವೇ. ಯಾವುದನ್ನು ಯಾವುದಕ್ಕೆ ಹೋಲಿಸಿದ್ದೀರಿ?

ಟೈಲ್ಸ್‌ಲೆಕ್ಕ:
ಜುಲೈ 12ರವರೆಗೆ 38 ಲಕ್ಷ. ಜೂನ್‌ನಲ್ಲಿ 104 ಲಕ್ಷ.

ಕಾಲಂಅಕ್ಕ:
ಅದೇ ನೋಡಿ. 12 ದಿನವನ್ನು ಇಡೀ ತಿಂಗಳಿಗೆ ಹೋಲಿಸಿದ್ದೀರಿ. B1ರಲ್ಲಿ ರಿಪೋರ್ಟ್ ದಿನಾಂಕ ಇದೆ ಅಂದುಕೊಂಡು, ಹೋದ ತಿಂಗಳ ಅಷ್ಟೇ ದಿನಗಳ ಮೊತ್ತ ಹೀಗೆ ತೆಗೆಯಿರಿ:

```
=SUMIFS(Sales[Amount],Sales[Date],">="&EOMONTH(B1,-2)+1,Sales[Date],"<="&EDATE(B1,-1))
```

ಟಾರ್ಗೆಟ್ ಕೂಡ ಅಷ್ಟೇ ದಿನದ್ದಿರಲಿ. ಇಲ್ಲದಿದ್ದರೆ ಪಟ್ಟಿಯಲ್ಲಿ ಆರೂ ಬ್ರಾಂಚ್ ಕೆಂಪಾಗುತ್ತವೆ.

ಟ್ರೆಂಡ್ ಸೊನ್ನೆಗೆ ಬೀಳುವುದು ಬೇರೆ ಕಾರಣಕ್ಕೆ. ಮುಂದಿನ ತಿಂಗಳುಗಳಿಗೆ ಫಾರ್ಮುಲಾದಲ್ಲಿ `""` ಕೊಟ್ಟಿರುತ್ತೀರಿ. ಕಣ್ಣಿಗೆ ಖಾಲಿ ಕಂಡರೂ ಲೈನ್ ಚಾರ್ಟ್ ಅದನ್ನು ಸೊನ್ನೆ ಅಂತಲೇ ಎಳೆಯುತ್ತದೆ. ಅಲ್ಲಿ `NA()` ಹಾಕಿ. ನಾನಾದರೆ ನಡೆಯುತ್ತಿರುವ ತಿಂಗಳಿಗೂ `NA()` ಕೊಟ್ಟು, ಗೆರೆಯನ್ನು ಜೂನ್‌ಗೇ ನಿಲ್ಲಿಸುತ್ತೇನೆ. ಈ ತಿಂಗಳ ಅಂಕಿ ಹೇಗೂ ಮೇಲೇ ಇದೆ. ಈ ಲೆಕ್ಕ ಬೇರೆ ಶೀಟ್‌ನಲ್ಲಿರಲಿ, ಇಲ್ಲದಿದ್ದರೆ ಪ್ರಿಂಟ್‌ನಲ್ಲಿ #N/A ಬರುತ್ತದೆ.

ಟೈಲ್ಸ್‌ಲೆಕ್ಕ:
ಹೋದ ತಿಂಗಳು ಇದೇ 12 ದಿನಕ್ಕೆ 35 ಲಕ್ಷ ಬಂತು ಮೇಡಂ. ಅಂದರೆ ಸುಮಾರು 9% ಜಾಸ್ತಿ! ಗೆರೆಯೂ ಸರಿಯಾಯಿತು. ಆದರೆ ಪಟ್ಟಿ ಕೆಳಗೆ ತಂದ ಕೂಡಲೇ ಹೊಸ ರಗಳೆ. ಬ್ರಾಂಚ್ ಹೆಸರಿಗೆ ಕಾಲಂ ಅಗಲ ಮಾಡಿದರೆ ಮೇಲಿನ ಅಂಕಿಗಳ ಜಾಗ ಅಸ್ತವ್ಯಸ್ತ.

ಕಾಲಂಅಕ್ಕ:
ಒಂದೇ ಶೀಟ್ ಅಂದಮೇಲೆ ಕಾಲಂ ಅಗಲ ಮೇಲಿಂದ ಕೆಳಗಿನವರೆಗೂ ಒಂದೇ. ಪಟ್ಟಿಯನ್ನು ಇನ್ನೊಂದು ಶೀಟ್‌ನಲ್ಲಿ ಮಾಡಿ ಕಾಪಿ ಮಾಡಿ. ಇಲ್ಲಿ Paste Special ಕೆಳಗೆ Linked Picture ಆರಿಸಿ. ಅಲ್ಲಿ ಅಂಕಿ ಬದಲಾದರೆ ಇಲ್ಲೂ ಬದಲಾಗುತ್ತದೆ. ಆ ಶೀಟ್‌ನ ಗ್ರಿಡ್‌ಲೈನ್ಸ್ ಮೊದಲೇ ಆಫ್ ಮಾಡಿ, ಇಲ್ಲದಿದ್ದರೆ ಚಿತ್ರದಲ್ಲಿ ಅವೂ ಬರುತ್ತವೆ. ಬ್ರಾಂಚ್ ಜಾಸ್ತಿಯಾದರೆ ಚಿತ್ರ ತಾನಾಗಿ ಹಿಗ್ಗುವುದಿಲ್ಲ, ರೇಂಜ್ ನೀವೇ ಬದಲಿಸಬೇಕು.

ಗೋದಾಮು7 ಅವರೇ, 1 page ಕೊಟ್ಟಾಗ ಪಕ್ಕದ ಸ್ಕೇಲ್ ಎಷ್ಟಕ್ಕೆ ಇಳಿಯಿತು ನೋಡಿದ್ದೀರಾ? 50%ಗೆ ಬಂದರೆ 10 ಪಾಯಿಂಟ್ ಅಕ್ಷರ 5 ಆಗುತ್ತದೆ.

ಗೋದಾಮು7:
48%. ಅದಕ್ಕೇ ಇರಬೇಕು ನಮ್ಮ ಯಜಮಾನರು ಕನ್ನಡಕ ಹುಡುಕುವುದು.

ಬಣ್ಣದಬುಗುರಿ:
ಹೋದ ತಿಂಗಳ ಬದಲು ಹೋದ ವರ್ಷದ ಇದೇ ತಿಂಗಳಿಗೆ ಹೋಲಿಸಿದರೆ? ಮಳೆಗಾಲದಲ್ಲಿ ಮನೆ ಕಟ್ಟುವುದೇ ಕಮ್ಮಿ.

ಕಾಲಂಅಕ್ಕ:
ಒಳ್ಳೆಯ ಮಾತು, ಜುಲೈಗೆ ಅದೇ ವಾಸಿ. ಆದರೆ ಹಬ್ಬದ ತಿಂಗಳಲ್ಲಿ ಎಡವುತ್ತದೆ. 2023ರಲ್ಲಿ ದೀಪಾವಳಿ ನವೆಂಬರ್‌ನಲ್ಲಿತ್ತು, 2025ರಲ್ಲಿ ಅಕ್ಟೋಬರ್‌ನಲ್ಲಿ. ಎರಡೂ ಹೋಲಿಕೆ ಹಾಕಿದರೆ ಒಂದೊಂದು ಅಂಕಿಗೂ ಎರಡು ಬಾಣ, ಒಂದು ಮೇಲೆ ಒಂದು ಕೆಳಗೆ. ಇದನ್ನು ಎಂಡಿಯನ್ನೇ ಕೇಳಿ.

ಟೈಲ್ಸ್‌ಲೆಕ್ಕ:
ಕೇಳಿದೆ. "ಎರಡೂ ಬೇಕು" ಅಂದರು. ಜೊತೆಗೆ ಪೈ ಎಲ್ಲಿ ಹೋಯಿತು ಅಂತಲೂ ಕೇಳಿದರು.