ಪದಚರ್ಚೆ: ‘ಪೋಲ್ ಟಾರ್ಗೆಟ್’ ಮತ್ತು ‘ಫುಟ್ ರೋಲ್’ಗೆ ಕನ್ನಡದಲ್ಲಿ ಏನನ್ನೋಣ?

ಬಳ್ಳಾರಿಯಿಂದ, ಪ್ರಶ್ನೆ

ಗೆಳೆಯರೇ, ನಮಸ್ಕಾರ.

ಬಳ್ಳಾರಿಯಲ್ಲಿ ಅನಿಮೇಷನ್ ಕಲಿಸುತ್ತೇನೆ. ಕಾಲಿಗೆ ಐಕೆ, ಅಂದರೆ ಇನ್ವರ್ಸ್ ಕೈನೆಮ್ಯಾಟಿಕ್ಸ್, ಹಾಕುವ ಪಾಠವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬ್ಲೆಂಡರ್‌ನ ಬಟನ್ ಹೆಸರುಗಳನ್ನು ಹಾಗೇ ಇಡುತ್ತೇನೆ. ತೆರೆಯ ಮೇಲೆ ಕಾಣುವುದು ಅದೇ ತಾನೆ. ಆದರೆ ವಿವರಿಸುವಾಗ ಕನ್ನಡ ಪದ ಬೇಕಾಗುತ್ತದೆ. ಎರಡು ಕಡೆ ಪದ ಸಿಗದೆ ನಿಂತಿದ್ದೇನೆ.

ಪಾಠಕ್ಕೆ ತೆಗೆದುಕೊಂಡ ಪಾತ್ರ ಭತ್ತದ ಮೂಟೆ ಹೊತ್ತ ಹಮಾಲ. ಲಾರಿಯಿಂದ ಗೋದಾಮಿನವರೆಗೆ ನಡೆಯುತ್ತಾನೆ. ಮೊಣಕಾಲು ಸ್ವಲ್ಪ ಬಗ್ಗಿದೆ, ಸೊಂಟ ಮೇಲೆ ಕೆಳಗೆ ಆಡುತ್ತದೆ, ಆದರೆ ನೆಲಕ್ಕೆ ಊರಿದ ಪಾದ ಊರಿದಲ್ಲೇ ಇರಬೇಕು. ತೊಡೆಯಿಂದ ಒಂದೊಂದೇ ಮೂಳೆ ತಿರುಗಿಸುತ್ತ ಹೋದರೆ ಸೊಂಟ ಆಡಿದಾಗಲೆಲ್ಲ ಪಾದ ಜಾರುತ್ತದೆ. ಅದಕ್ಕೇ ಐಕೆ. ನಾವು ಪಾದ ಎಲ್ಲಿರಬೇಕು ಅಂತ ಹೇಳುತ್ತೇವೆ, ತೊಡೆ ಮತ್ತು ಕಣಕಾಲು ಎಷ್ಟು ಮಡಿಯಬೇಕು ಅನ್ನುವುದನ್ನು ಅದು ಲೆಕ್ಕ ಹಾಕುತ್ತದೆ. ಇಲ್ಲಿಯವರೆಗೆ ಕನ್ನಡ ಸಲೀಸು.

ತೊಂದರೆ ಮುಂದಿನ ಹೆಜ್ಜೆಯಲ್ಲಿದೆ. ಕಣಕಾಲಿನ ಮೂಳೆಗೆ ಐಕೆ ಕನ್‌ಸ್ಟ್ರೇಂಟ್ ಹಾಕಿದಾಗ ಎರಡು ಖಾನೆ ಕಾಣುತ್ತವೆ, `Target` ಮತ್ತು `Pole Target`. ಎರಡನ್ನೂ ‘ಗುರಿ’ ಅಂದರೆ ಹುಡುಗರು ಒಂದೇ ಜಾತಿಯ ವಸ್ತು ಅಂದುಕೊಳ್ಳುತ್ತಾರೆ. ಮೊದಲನೆಯದನ್ನು ಪಾದ ಮುಟ್ಟುತ್ತದೆ. ಎರಡನೆಯದನ್ನು ಮೊಣಕಾಲು ಮುಟ್ಟಬೇಕು ಅಂತ ಪೋಲ್ ಮೂಳೆಯನ್ನು ತಂದು ಮೊಣಕಾಲಿಗೇ ಅಂಟಿಸುತ್ತಾರೆ. ಆಮೇಲೆ ಕಾಲು ನಡುಗುತ್ತದೆ.

ಇನ್ನೊಂದು, ಫುಟ್ ರೋಲ್. ‘ಪಾದ ಉರುಳು’ ಅಂತ ಬರೆದು ನೋಡಿದೆ, ಓದಲು ಸರಿ ಅನ್ನಿಸಲಿಲ್ಲ. ಬ್ಲೆಂಡರ್‌ನಲ್ಲಿ ಮೂಳೆಗೂ ಒಂದು `Roll` ಇದೆ, ಅದರ ಅರ್ಥ ಪೂರಾ ಬೇರೆ. ನೀವೆಲ್ಲ ಏನನ್ನುತ್ತೀರಿ?

ರಾಯಚೂರಿನಿಂದ

ಮೇಡಂ, ನಾನು ಕನ್ನಡ ಮೇಷ್ಟ್ರು. ಸಾಫ್ಟ್‌ವೇರ್ ಅಷ್ಟಾಗಿ ಬಾರದು. ಮಗ ಕೂತು ತೋರಿಸಿದ, ನೋಡಿ ಬರೆಯುತ್ತಿದ್ದೇನೆ.

ಪೋಲ್ ಅಂದರೆ ‘ಧ್ರುವ’ ಅಂತ ನಿಘಂಟು ಹೇಳುತ್ತದೆ, ಆದರೆ ಧ್ರುವ ಹಾಕಬೇಡಿ. ಮಕ್ಕಳಿಗೆ ಅಯಸ್ಕಾಂತ ನೆನಪಾಗುತ್ತದೆ. ನಾನು ನೋಡಿದ ಪ್ರಕಾರ ಅದು ಮೊಣಕಾಲನ್ನು ತನ್ನ ಕಡೆ ಎಳೆಯುತ್ತದೆ. ಹಾಗಾಗಿ ‘ಸೆಳೆಬಿಂದು’ ಅನ್ನಬಹುದು.

ಫುಟ್ ರೋಲ್‌ಗೆ ‘ಉರುಳು’ ಖಂಡಿತ ಬೇಡ. ಉರುಳುವುದು ಅಂದರೆ ಇಡೀ ವಸ್ತು ನೆಲದ ಮೇಲೆ ಹೊರಳಿ ಹೋಗುವುದು. ‘ಹೊರಳು’ ಕೂಡ ಬೇಡ, ಕಾಲು ಹೊರಳಿತು ಅಂದರೆ ಉಳುಕಿತು ಅಂತಲೇ ಜನ ಓದುತ್ತಾರೆ. ನಡೆಯುವಾಗ ಪಾದ ಮಾಡುವುದು ಬೇರೆ. ಮೊದಲು ಹಿಮ್ಮಡಿ ಊರುತ್ತದೆ, ನಮ್ಮ ಕಡೆ ಹಿಂಬಡ ಅಂತಲೂ ಅಂತೀವಿ. ಆಮೇಲೆ ಅಂಗಾಲು ಪೂರ್ತಿ ಊರುತ್ತದೆ. ಕೊನೆಗೆ ಹಿಮ್ಮಡಿ ಎದ್ದು ಬೆರಳಿನ ಮೇಲೆ ಭಾರ ಬರುತ್ತದೆ. ಇದಕ್ಕೆ ‘ಹೆಜ್ಜೆಯ ಊರು–ಎತ್ತು’ ಅಂದರೆ ಹೇಗೆ?

ಒಂದು ಮಾತು ಕೇಳಬೇಕಿತ್ತು. ಮಗನ ಫೈಲಿನಲ್ಲಿ `ball` ಅಂತ ಒಂದು ಮೂಳೆ ಇದೆ. ಪಾದದಲ್ಲಿ ಚೆಂಡು ಎಲ್ಲಿಂದ ಬಂತು? ಬೆರಳುಗಳು ಪಾದಕ್ಕೆ ಸೇರುವ ಕಡೆ ಇದೆ, ಹಾಗಾದರೆ ಅದು ‘ಬೆರಳ ಬುಡ’ ಅಲ್ವಾ?

ಕೊಪ್ಪಳದಿಂದ

ನಮಸ್ಕಾರ. ನನ್ನ ಕೆಲಸವೇ ರಿಗ್ಗಿಂಗ್, ಪಾತ್ರಗಳಿಗೆ ಮೂಳೆ ಕೂರಿಸುವುದು. ಮನೆಯಿಂದಲೇ ಮಾಡುತ್ತೇನೆ. ಸರ್ ಕೊಟ್ಟ ‘ಬೆರಳ ಬುಡ’ ತುಂಬ ಚೆನ್ನಾಗಿದೆ. ಅದನ್ನು ಇಂದಿನಿಂದಲೇ ಬಳಸುತ್ತೇನೆ. ಆದರೆ ‘ಸೆಳೆಬಿಂದು’ ಒಪ್ಪಲಾರೆ. ಪೋಲ್ ಯಾವುದನ್ನೂ ಎಳೆಯುವುದಿಲ್ಲ.

ಹೀಗೆ ನೋಡಿ. ಸೊಂಟದ ಕೀಲು ಒಂದು ಕಡೆ, ಪಾದ ಇನ್ನೊಂದು ಕಡೆ ಗಟ್ಟಿಯಾಗಿ ನಿಂತಿವೆ. ತೊಡೆಯ ಉದ್ದ, ಕಣಕಾಲಿನ ಉದ್ದ ಬದಲಾಗುವುದಿಲ್ಲ. ಹಾಗಾಗಿ ಮೊಣಕಾಲು ಎಷ್ಟು ಮಡಿಯಬೇಕು ಅನ್ನುವುದು ಆಗಲೇ ತೀರ್ಮಾನವಾಗಿದೆ. ಉಳಿದದ್ದು ಒಂದೇ. ಸೊಂಟದಿಂದ ಪಾದಕ್ಕೆ ಎಳೆದ ಗೆರೆಯ ಸುತ್ತ ಮೊಣಕಾಲು ಬಾಗಿಲಿನ ಹಾಗೆ ತಿರುಗಬಹುದು. ಮುಂದಕ್ಕೂ ನೋಡಬಹುದು, ಪಕ್ಕಕ್ಕೂ ನೋಡಬಹುದು. ಎತ್ತ ನೋಡಬೇಕು ಅಂತ ಹೇಳುವುದಷ್ಟೇ ಪೋಲ್‌ನ ಕೆಲಸ. ಮಾಯಾ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಇದನ್ನೇ ಪೋಲ್ ವೆಕ್ಟರ್ ಅನ್ನುತ್ತಾರೆ, ಆ ಹೆಸರಿನಲ್ಲಿ ‘ಟಾರ್ಗೆಟ್’ ಇಲ್ಲ.

ಸರ್, ಮಗನ ಫೈಲಿನಲ್ಲೇ ನೋಡಬಹುದು. ಪಾತ್ರ ನೇರ ನಿಂತಿರುವಾಗ ಪೋಲ್ ಹಿಡಿದು ನೆಟ್ಟಗೆ ಮುಂದಕ್ಕೆ ಜರುಗಿಸಿ, ಹಿಂದಕ್ಕೆ ತನ್ನಿ. ಮೊಣಕಾಲು ಮಿಸುಕುವುದಿಲ್ಲ. ಈಗ ಎಡಕ್ಕೋ ಬಲಕ್ಕೋ ಜರುಗಿಸಿ. ಮೊಣಕಾಲು ಅತ್ತ ತಿರುಗುತ್ತದೆ. ಎಳೆಯುವುದಾಗಿದ್ದರೆ ಮುಂದಕ್ಕೆ ಹೋದಾಗ ಕಾಲು ಜಾಸ್ತಿ ಮಡಿಯಬೇಕಿತ್ತು.

ಹುಡುಗರ ಕಾಲು ನಡುಗುವುದಕ್ಕೂ ಇದೇ ಕಾರಣ. ಪೋಲ್ ಆ ಗೆರೆಗೆ ಹತ್ತಿರ ಇದ್ದಷ್ಟೂ ಕೂದಲೆಳೆಯಷ್ಟು ಜರುಗಿದರೂ ದಿಕ್ಕು ಜೋರಾಗಿ ಬದಲಾಗುತ್ತದೆ. ಗೆರೆಯ ಮೇಲೇ ಬಂದರೆ ದಿಕ್ಕೇ ಇರುವುದಿಲ್ಲ, ಮೊಣಕಾಲು ಒಂದೇ ಫ್ರೇಮಿನಲ್ಲಿ ಹಿಂದುಮುಂದಾಗುತ್ತದೆ. ಪಾತ್ರ ಕಾಲನ್ನು ಎದುರಿಗೆ ಎತ್ತಿ ಒದೆಯುವಾಗ ಹೀಗಾಗುವುದು ಜಾಸ್ತಿ, ಪಾದ ಪೋಲ್ ಇರುವ ಕಡೆಗೇ ಹೋಗುತ್ತದಲ್ಲ. ನಾನು ಸಾಮಾನ್ಯವಾಗಿ ಮೊಣಕಾಲಿನಿಂದ ಕಾಲಿನುದ್ದದಷ್ಟು ಮುಂದೆ ಇಡುತ್ತೇನೆ. ಮೂಳೆ ಕೂರಿಸುವಾಗಲೇ ಮೊಣಕಾಲನ್ನು ತುಸು ಮುಂದಕ್ಕೆ ಬಗ್ಗಿಸಿರುತ್ತೇನೆ. ನೆಟ್ಟಗೆ ಇದ್ದರೆ ಯಾವ ಕಡೆ ಮಡಿಯಬೇಕು ಅನ್ನುವುದಕ್ಕೆ ಐಕೆಗೆ ಸುಳಿವೇ ಸಿಗುವುದಿಲ್ಲ.

ಹಾಗಾಗಿ ನನ್ನ ಮತ ‘ಮೊಣಕಾಲ ದಿಕ್ಕು’. ಅದರಲ್ಲಿ ಮುಟ್ಟುವ ಮಾತೂ ಇಲ್ಲ, ಎಳೆಯುವ ಮಾತೂ ಇಲ್ಲ.

ಮೂಳೆಯ `Roll` ಬಗ್ಗೆ ಮೇಡಂ ಎಚ್ಚರಿಸಿದ್ದು ಸರಿ. ಮೂಳೆ ತನ್ನ ಉದ್ದದ ಸುತ್ತ ತಾನೇ ತಿರುಗುವುದು ಅದು. ಅದಕ್ಕೆ ‘ತಿರುಚು’ ಸಾಕು. ಪೋಲ್ ಹಾಕಿದ ಕೂಡಲೇ ಕಾಲು ಪಕ್ಕಕ್ಕೆ ತಿರುಗಿಬಿಟ್ಟರೆ ತೊಡೆಮೂಳೆಯ ತಿರುಚಿಗೂ `Pole Angle`ಗೂ ಹೊಂದಿಲ್ಲ ಎಂದರ್ಥ. ತಿರುಚು ಸರಿಯಾಗಿದ್ದರೆ 0, 90, -90, 180 ಇವುಗಳಲ್ಲಿ ಒಂದು ಹಾಕಿದರೆ ಕಾಲು ಮೊದಲಿದ್ದ ಜಾಗಕ್ಕೆ ಬಂದು ಕೂರುತ್ತದೆ. 83, 97 ಅಂತ ಹುಡುಕುವಂತಾದರೆ ಕೋನ ಬಿಟ್ಟು ಮೂಳೆಯ ತಿರುಚನ್ನೇ ಸರಿಮಾಡಿ. `Chain Length` 2 ಇದೆಯೋ ಅಂತಲೂ ನೋಡಿ. 0 ಅಂತಲೇ ಇದ್ದರೆ ಸೊಂಟ, ಬೆನ್ನಿನ ಮೂಳೆಗಳೂ ಲೆಕ್ಕಕ್ಕೆ ಬಂದು ಇಡೀ ಹಮಾಲನೇ ವಾಲುತ್ತಾನೆ.

ಕುಷ್ಟಗಿಯಿಂದ

ಅಕ್ಕಾ, ನನಗೂ ಇದೇ ತೊಂದರೆ ಇದೆ, ಒಳ್ಳೆ ಸಮಯಕ್ಕೆ ಕೇಳಿದ್ರಿ. ಫುಟ್ ರೋಲ್‌ಗೆ ಡ್ರೈವರ್ ಬರೆದೆ. ಕಂಟ್ರೋಲ್ ತಿರುಗಿಸಿದ್ರೆ ಹಿಮ್ಮಡಿ ಮೂಳೆ ಅಲ್ಲಾಡೋದೇ ಇಲ್ಲ. ಎರರ್ ಕೂಡ ತೋರಿಸಲ್ಲ. ಏನು ಮಾಡಲಿ?

ಕೊಪ್ಪಳದಿಂದ

ತಮ್ಮಾ, ಇಲ್ಲಿ ಕೇಳುತ್ತಿರುವುದು ಪದದ ಬಗ್ಗೆ. ಆದರೂ ನಿನ್ನ ಪ್ರಶ್ನೆಯಿಂದ ಪದಕ್ಕೂ ಉಪಯೋಗ ಇದೆ, ಹೇಳುತ್ತೇನೆ.

ಬ್ಲೆಂಡರ್‌ನಲ್ಲಿ ಹೊಸ ಮೂಳೆಯ ತಿರುಗುವಿಕೆ ಕ್ವಾಟರ್ನಿಯನ್‌ನಲ್ಲಿ ಇರುತ್ತದೆ. ನೀನು ಡ್ರೈವರ್ ಹಾಕಿದ್ದು ಆಯ್ಲರ್ ಸಾಲಿಗೆ ಇರಬೇಕು. ಆ ಬೆಲೆ ಬದಲಾಗುತ್ತಲೇ ಇರುತ್ತದೆ, ಮೂಳೆ ಅದನ್ನು ಓದುವುದಿಲ್ಲ. `heel`, `ball`, `toe_tip` ಮೂರೂ ಮೂಳೆಗಳಿಗೆ, ಕಂಟ್ರೋಲ್‌ಗೂ, `XYZ Euler` ಮಾಡಿಕೋ. ಕಂಟ್ರೋಲ್ ಎಷ್ಟು ತಿರುಗಿದೆ ಅಂತ ಓದುವ ವೇರಿಯಬಲ್‌ಗೆ `roll` ಅಂತ ಹೆಸರಿಡು, ಅದಕ್ಕೆ `Local Space` ಇರಲಿ. ಆಮೇಲೆ ಮೂರು ಡ್ರೈವರ್ ಇಷ್ಟೇ:

```
heel:    min(roll, 0)
ball:    max(0, min(roll, 0.7))
toe_tip: max(0, roll - 0.7)
```

ಕೋನ ರೇಡಿಯನ್‌ನಲ್ಲಿದೆ, 0.7 ಅಂದರೆ ಸುಮಾರು 40 ಡಿಗ್ರಿ. ಕಂಟ್ರೋಲ್ ಹಿಂದಕ್ಕೆ ತಿರುಗಿದರೆ ಪಾದ ಹಿಮ್ಮಡಿಯ ಮೇಲೆ ನಿಂತು ಬೆರಳು ಮೇಲೇಳುತ್ತದೆ. ಮುಂದಕ್ಕೆ 40 ಡಿಗ್ರಿಯವರೆಗೆ ಬೆರಳ ಬುಡದಲ್ಲಿ ಮಡಿದು ಹಿಮ್ಮಡಿ ಏಳುತ್ತದೆ. ಅದನ್ನು ದಾಟಿದರೆ ಬೆರಳ ತುದಿಯ ಮೇಲೆ ನಿಲ್ಲುತ್ತದೆ. ಉಲ್ಟಾ ತಿರುಗಿದರೆ ಚಿಹ್ನೆ ಬದಲಿಸು, ಅದು ಮೂಳೆ ಯಾವ ಕಡೆ ಮುಖ ಮಾಡಿದೆ ಅನ್ನುವುದರ ಮೇಲೆ ಹೋಗುತ್ತದೆ.

ಯಾವುದು ಯಾವುದರ ಮಗು ಅನ್ನುವುದೂ ಮುಖ್ಯ. ಪಾದದ ದೊಡ್ಡ ಕಂಟ್ರೋಲ್, ಅದರ ಕೆಳಗೆ `heel`, ಅದರ ಕೆಳಗೆ `toe_tip`, ಅದರ ಕೆಳಗೆ `ball`, ಕೊನೆಗೆ ಐಕೆಯ ಗುರಿ. ಬೆರಳಿನ ಕಂಟ್ರೋಲ್ ಮಾತ್ರ `ball` ಕೆಳಗೆ ಬೇಡ, `toe_tip` ಕೆಳಗೆ ಇರಲಿ. ಹಾಗಿದ್ದಾಗಲೇ ಹಿಮ್ಮಡಿ ಎದ್ದರೂ ಬೆರಳು ನೆಲಕ್ಕೆ ಒರಗಿರುತ್ತದೆ.

ಸರ್, ಈಗ ನಿಮ್ಮ ‘ಬೆರಳ ಬುಡ’ ಯಾಕೆ ಬೇಕಾಯಿತು ನೋಡಿ. ಎಷ್ಟೋ ಜನ `ball` ಮತ್ತು `toe_tip` ಎರಡನ್ನೂ ಸುಮ್ನೆ ‘ಬೆರಳು’ ಅಂತ ಹೇಳಿಕೊಡುತ್ತಾರೆ. ಕೇಳಿದವರು ಒಂದೇ ಮೂಳೆ ಇಟ್ಟು, ಬೆರಳ ತುದಿಯಿಂದಲೇ ಪಾದ ಎತ್ತುತ್ತಾರೆ. ಆಗ ಪಾದ ಹಲಗೆಯಂತೆ ಒಟ್ಟಿಗೆ ಮೇಲೆದ್ದು ಬೆರಳು ಮಡಿಯುವುದೇ ಇಲ್ಲ. ಭಾರ ಹೊತ್ತವನ ನಡಿಗೆಯಲ್ಲಿ ಅದು ತಟ್ಟನೆ ಕಾಣುತ್ತದೆ.

ರಾಯಚೂರಿನಿಂದ

ಮಗನ ಫೈಲಿನಲ್ಲಿ ಮಾಡಿ ನೋಡಿದೆವು. ಹೌದು, ಮುಂದಕ್ಕೆ ಎಷ್ಟು ಜರುಗಿಸಿದರೂ ಮೊಣಕಾಲು ಹಾಗೇ ಇತ್ತು. ‘ಸೆಳೆಬಿಂದು’ ಬಿಡೋಣ.

ಆದರೆ ‘ಮೊಣಕಾಲ ದಿಕ್ಕು’ ಬಗ್ಗೆ ಒಂದು ತಕರಾರು. ತೋಳಿಗೂ ಇದೇ ಪೋಲ್ ಹಾಕುತ್ತಾರಂತೆ. ಅಲ್ಲಿ ಮೊಣಕಾಲು ಎಲ್ಲಿದೆ? ಅಲ್ಲದೆ ದಿಕ್ಕು ಅಂದರೆ ಕೈಗೆ ಸಿಗುವ ವಸ್ತು ಅಲ್ಲ. ‘ದಿಕ್ಕನ್ನು ಹಿಡಿದು ಜರುಗಿಸಿ’ ಅಂತ ಪಾಠದಲ್ಲಿ ಬರೆಯಲಾಗುತ್ತದೆಯೇ?

ಬಳ್ಳಾರಿಯಿಂದ

ಎಲ್ಲರಿಗೂ ಧನ್ಯವಾದ. ‘ಹಿಮ್ಮಡಿ, ಬೆರಳ ಬುಡ, ಬೆರಳ ತುದಿ’ ಮೂರನ್ನೂ ಪಾಠಕ್ಕೆ ಹಾಕಿಕೊಂಡೆ. ಮೂಳೆಯ ರೋಲ್‌ಗೆ ‘ತಿರುಚು’. ಪಾದದ ರೋಲ್‌ಗೆ ‘ಊರು–ಎತ್ತು’ ಬರೆದಿದ್ದೇನೆ, ಹುಡುಗರು ವಿವರಣೆ ಇಲ್ಲದೆಯೇ ಹಿಡಿದರು. ಕಂಟ್ರೋಲ್ ಹಿಂದಕ್ಕೆ ತಿರುಗಿಸಿದರೆ ಊರು, ಮುಂದಕ್ಕೆ ತಿರುಗಿಸಿದರೆ ಎತ್ತು.

ಪೋಲ್ ವಿಷಯದಲ್ಲಿ ಸರ್ ತಕರಾರು ನ್ಯಾಯವಾದದ್ದು. ವಸ್ತುವಿಗೆ ‘ದಿಕ್ಕುಗುರುತು’ ಅಂತ, ಅದು ಮಾಡುವ ಕೆಲಸಕ್ಕೆ ‘ಮೊಣಕಾಲ ದಿಕ್ಕು’, ‘ಮೊಣಕೈ ದಿಕ್ಕು’ ಅಂತ ಬರೆಯಬಹುದು ಅನ್ನಿಸುತ್ತಿದೆ. ‘ದಿಕ್ಕುಗುರುತನ್ನು ಎಡಕ್ಕೆ ಜರುಗಿಸಿ’ ಅಂದರೆ ವಾಕ್ಯ ನಿಲ್ಲುತ್ತದೆ. ಇದಕ್ಕಿಂತ ಚಿಕ್ಕ ಪದ ಯಾರಿಗಾದರೂ ಹೊಳೆದರೆ ಬರೆಯಿರಿ.

ಕೊಪ್ಪಳದ ಮೇಡಂಗೆ ಒಂದು ಪ್ರಶ್ನೆ ಉಳಿಯಿತು. ದಿಕ್ಕುಗುರುತನ್ನು ಯಾವುದರ ಮಗು ಮಾಡುತ್ತೀರಿ? ಪಾದದ ಕಂಟ್ರೋಲ್‌ಗೆ ಕಟ್ಟಿದರೆ ಪಾದ ತಿರುಗಿದಾಗ ಮೊಣಕಾಲೂ ತಿರುಗುತ್ತದೆ, ನಡಿಗೆಗೆ ಅನುಕೂಲ. ಆದರೆ ಹಮಾಲ ಮೂಟೆ ಇಳಿಸಲು ಪಾದ ಊರಿಕೊಂಡೇ ಮೈ ತಿರುಗಿಸಿದಾಗ ಮೊಣಕಾಲು ಪಾದದ ಕಡೆಗೇ ನೋಡುತ್ತ ಉಳಿಯುತ್ತದೆ. ರೂಟ್ ಮೂಳೆಗೆ ಕಟ್ಟಿದರೆ ಪ್ರತಿ ಹೆಜ್ಜೆಗೂ ಅದಕ್ಕೆ ಬೇರೆ ಕೀ ಹಾಕಬೇಕು.

ಕೊಪ್ಪಳದಿಂದ

ನಡಿಗೆ ಜಾಸ್ತಿ ಇದ್ದರೆ ಪಾದಕ್ಕೆ ಕಟ್ಟುತ್ತೇನೆ. ಆದರೆ ದೊಡ್ಡ ಕಂಟ್ರೋಲ್‌ಗೆ ಮಾತ್ರ, `heel` ಅಥವಾ `ball` ಕೆಳಗೆ ಯಾವತ್ತೂ ಬೇಡ. ಅಲ್ಲಿ ಕಟ್ಟಿದರೆ ಆ ಮೂಳೆ ತಿರುಗಿದಾಗಲೆಲ್ಲ ದಿಕ್ಕುಗುರುತೂ ಅದರ ಜೊತೆ ವಾಲುತ್ತದೆ. ಮೂಟೆ ಇಳಿಸುವ ಶಾಟ್‌ಗೆ ನಾನಾದರೆ ರೂಟ್‌ಗೇ ಕಟ್ಟುತ್ತೇನೆ. ನನ್ನ ಜೊತೆ ಕೆಲಸ ಮಾಡುವವರು ಇದನ್ನು ಒಪ್ಪುವುದಿಲ್ಲ, ಎರಡರ ನಡುವೆ ಬದಲಾಯಿಸುವ ಸ್ವಿಚ್ ಇಡುತ್ತಾರೆ. ಹುಡುಗರಿಗೆ ಮೊದಲ ಪಾಠದಲ್ಲಿ ಸ್ವಿಚ್ ಬೇಡ ಅನ್ನಿಸುತ್ತದೆ.